ಫಲಿತಾಂಶ ಗೊತ್ತಾದ ಮೇಲೆ ಕಟ್ಟಿದ ಬಾಜಿ

2015ರ ಆಗಸ್ಟ್ 8ರಂದು ಇಂಗ್ಲೆಂಡಿನ ಲೆಸ್ಟರ್ ಸಿಟಿ ಫುಟ್‌ಬಾಲ್ ತಂಡ ತನ್ನ ಊರಿನಲ್ಲಿ ಸಂಡರ್‌ಲೆಂಡ್ ತಂಡವನ್ನು 4-2ರಿಂದ ಸೋಲಿಸಿತು. ಹಿಂದಿನ ವರ್ಷ ಪ್ರೀಮಿಯರ್ ಲೀಗ್‌ನಲ್ಲಿ 14ನೇ ಸ್ಥಾನದಲ್ಲಿದ್ದ ತಂಡವದು. ಈ ಬಾರಿ ಅದೇ ಚಾಂಪಿಯನ್ ಆಗುತ್ತದೆ ಎಂದು ಬಾಜಿ ಕಟ್ಟುವವರಿಗೆ ಬುಕ್ಕಿಗಳು ಒಂದಕ್ಕೆ ಐದು ಸಾವಿರ ಕೊಡಲು ಸಿದ್ಧರಿದ್ದರು. ಋತು ಮುಗಿಯುವ ಹೊತ್ತಿಗೆ ಲೆಸ್ಟರ್ 38 ಪಂದ್ಯಗಳಲ್ಲಿ 23 ಗೆದ್ದು, ಮೂರನ್ನಷ್ಟೇ ಸೋತು ಕಪ್ ಎತ್ತಿತ್ತು. ಹಿಂದಿನ ವರ್ಷದ ಚಾಂಪಿಯನ್ ಚೆಲ್ಸಿ ಹತ್ತನೇ ಸ್ಥಾನಕ್ಕೆ ಜಾರಿತ್ತು.

ಈಗ ಒಬ್ಬಾತ ಹಳೆಯ ಅಂಕಿಅಂಶಗಳನ್ನು ಮುಂದಿಟ್ಟುಕೊಂಡು ಒಂದು ಸೂತ್ರ ಹೊಸೆಯುತ್ತಾನೆ ಎಂದುಕೊಳ್ಳೋಣ. ‘ಬಲಿಷ್ಠ ತಂಡ ತವರಿನಲ್ಲಿ ಆಡುವಾಗ ಅದರ ಮೇಲೆ ಹಣ ಹಾಕಬೇಕು’ ಎಂಬುದು ಅವನ ಸೂತ್ರ. ಬಲಿಷ್ಠ ತಂಡ ಯಾವುದು ಎಂದು ತಿಳಿಯಲು ಅವನು ಆ ಋತುವಿನ ಅಂಕಪಟ್ಟಿ ತೆರೆದು ಮೊದಲ ಆರು ಹೆಸರುಗಳನ್ನು ಆರಿಸುತ್ತಾನೆ. ಲೆಸ್ಟರ್ ಪಟ್ಟಿಯ ತುದಿಯಲ್ಲಿದೆ, ಚೆಲ್ಸಿ ಪಟ್ಟಿಯಲ್ಲೇ ಇಲ್ಲ. ಲೆಕ್ಕ ಹಾಕಿದರೆ ಲಾಭ ಉಕ್ಕಿ ಹರಿಯುತ್ತದೆ. ಆದರೆ ಆಗಸ್ಟ್ ತಿಂಗಳಲ್ಲಿ ಬಾಜಿ ಕಟ್ಟಲು ಅವನು ಬಳಸಿದ ಪಟ್ಟಿ ಸಿದ್ಧವಾದದ್ದು ಮರುವರ್ಷದ ಮೇ ತಿಂಗಳಲ್ಲಿ. ಆಗಸ್ಟಿನಲ್ಲಿ ನಿಂತವನ ಕೈಯಲ್ಲಿದ್ದದ್ದು ಹಿಂದಿನ ವರ್ಷದ ಪಟ್ಟಿ ಮಾತ್ರ. ಆ ಪಟ್ಟಿ ಹಿಡಿದಿದ್ದರೆ ಅವನ ಹಣ ಚೆಲ್ಸಿಯ ಮೇಲೆ ಹೋಗುತ್ತಿತ್ತು.

ಬಾಜಿಯ ಸೂತ್ರವೊಂದನ್ನು ಹಳೆಯ ಪಂದ್ಯಗಳ ಮೇಲೆ ಓಡಿಸಿ ನೋಡುವುದಕ್ಕೆ ಬ್ಯಾಕ್‌ಟೆಸ್ಟ್ ಎನ್ನುತ್ತಾರೆ. ಇಂಗ್ಲೆಂಡಿನಲ್ಲಿ ಕ್ರೀಡಾ ಬಾಜಿ ಕಾನೂನುಬದ್ಧ ವ್ಯವಹಾರವಾದ್ದರಿಂದ ಸಂಖ್ಯಾಶಾಸ್ತ್ರಜ್ಞರೂ ಇದನ್ನು ಗಂಭೀರವಾಗಿ ಅಭ್ಯಾಸ ಮಾಡಿದ್ದಾರೆ. ಭಾರತದಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಕಾಯ್ದೆ ನಿಷೇಧಿಸಿದೆ. ಆದರೂ ‘ಈ ಸೂತ್ರ ಹತ್ತು ವರ್ಷ ಲಾಭ ಕೊಟ್ಟಿದೆ’ ಎಂಬ ಜಾಹೀರಾತು ಮೊಬೈಲ್ ಪರದೆಗೆ ಬರುವುದು ನಿಂತಿಲ್ಲ. ಅಂಥ ಹತ್ತು ವರ್ಷಗಳ ಲೆಕ್ಕ ಎಲ್ಲಿ ಹಳಿ ತಪ್ಪುತ್ತದೆ ಎಂಬುದನ್ನು ಪ್ರೀಮಿಯರ್ ಲೀಗಿನ ಅಂಕಿಅಂಶಗಳಲ್ಲಿ ಸ್ಪಷ್ಟವಾಗಿ ನೋಡಬಹುದು.

ಈ ಲೀಗಿನ ದಶಕಗಳ ಫಲಿತಾಂಶಗಳು football-data.co.uk ತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಕಡತದಲ್ಲಿ ಒಂದು ಪಂದ್ಯಕ್ಕೆ ಒಂದು ಸಾಲು. `Date`, `HomeTeam`, `AwayTeam` ಆದ ಮೇಲೆ ಫಲಿತಾಂಶ ಹೇಳುವ `FTR`, ಅದರ ಮುಂದೆ ಬೆಟ್365 ಕಂಪನಿ ತವರು ತಂಡಕ್ಕೆ ಕೊಟ್ಟ ದರ `B365H`. ತಪ್ಪಿನ ಬೀಜ ಇರುವುದು ಈ ಜೋಡಣೆಯಲ್ಲೇ. ಪಂದ್ಯಕ್ಕೆ ಮುಂಚೆ ಗೊತ್ತಿದ್ದದ್ದು ಮತ್ತು ಪಂದ್ಯ ಮುಗಿದ ಮೇಲೆ ಗೊತ್ತಾದದ್ದು ಒಂದೇ ಸಾಲಿನಲ್ಲಿ ಅಕ್ಕಪಕ್ಕ ಕೂತಿರುತ್ತವೆ. ಸೂತ್ರ ಬರೆಯುವವನು ತುಸು ಎಚ್ಚರ ತಪ್ಪಿದರೂ ಉತ್ತರ ಪತ್ರಿಕೆ ನೋಡಿಕೊಂಡೇ ಪರೀಕ್ಷೆ ಬರೆದಂತಾಗುತ್ತದೆ. ಇದೇ ಲುಕ್‌ಅಹೆಡ್ ದೋಷ.

ಇದು ಯಾವಾಗಲೂ ಅಂಕಪಟ್ಟಿಯಷ್ಟು ಢಾಳಾಗಿ ಕಾಣುವುದಿಲ್ಲ. ‘ಕೊನೆಯ ಐದು ಪಂದ್ಯಗಳ ಸರಾಸರಿ ಅಂಕ’ ಎಂದು ಲೆಕ್ಕ ಹಾಕುವಾಗ ಕಂಪ್ಯೂಟರ್ ಇವತ್ತಿನ ಪಂದ್ಯವನ್ನೂ ಐದರಲ್ಲಿ ಒಂದಾಗಿ ಸೇರಿಸಿಕೊಳ್ಳುತ್ತದೆ. ಗೆದ್ದ ತಂಡದ ಸರಾಸರಿ ಆ ಗೆಲುವಿನಿಂದಲೇ ಮೇಲೇರಿರುತ್ತದೆ, ಸೂತ್ರ ಅದನ್ನೇ ಹಿಡಿದು ‘ಒಳ್ಳೆಯ ಲಯದಲ್ಲಿರುವ ತಂಡ’ ಎನ್ನುತ್ತದೆ. ಪ್ರತಿ ತಂಡದ ಪಂದ್ಯಗಳನ್ನು ದಿನಾಂಕದ ಪ್ರಕಾರ ಜೋಡಿಸಿ, ಎಲ್ಲವನ್ನೂ ಒಂದು ಹೆಜ್ಜೆ ಮುಂದಕ್ಕೆ ಸರಿಸಿ, ಆಮೇಲೆ ಸರಾಸರಿ ತೆಗೆದರೆ ಇದು ತಪ್ಪುತ್ತದೆ. ಪೈಥಾನ್‌ನಲ್ಲಿ ಎಲ್ಲ ವ್ಯತ್ಯಾಸವೂ ಇರುವುದು `shift(1)` ಎಂಬ ಒಂದು ಪದದಲ್ಲಿ:

```
df = df.sort_values("Date")
df["form"] = df.groupby("team")["points"].transform(
    lambda s: s.shift(1).rolling(5).mean())
```

ಇನ್ನೂ ನುಣುಪಾದ ಜಾರುಬಂಡೆಯೆಂದರೆ ಆಮೇಲೆ ತಿದ್ದಿದ ದಾಖಲೆ. 2023ರ ನವೆಂಬರ್ 17ರಂದು ಹಣಕಾಸು ನಿಯಮ ಮುರಿದದ್ದಕ್ಕಾಗಿ ಎವರ್ಟನ್ ತಂಡದಿಂದ ಹತ್ತು ಅಂಕ ಕಿತ್ತುಕೊಳ್ಳಲಾಯಿತು. ಮೇಲ್ಮನವಿಯ ನಂತರ, 2024ರ ಫೆಬ್ರುವರಿ 26ರಂದು, ದಂಡ ಆರು ಅಂಕಕ್ಕೆ ಇಳಿಯಿತು. ಏಪ್ರಿಲ್‌ನಲ್ಲಿ ಬೇರೆ ಪ್ರಕರಣಕ್ಕೆ ಮತ್ತೆ ಎರಡು ಅಂಕ ಹೋದವು. ಇವತ್ತಿನ ಕಡತದಲ್ಲಿ ‘ಒಟ್ಟು ಎಂಟು ಅಂಕ ಕಡಿತ’ ಎಂದು ನೋಡಿ ಅದನ್ನು ಇಡೀ ಋತುವಿಗೆ ಹಚ್ಚಿದರೆ, ಸೆಪ್ಟೆಂಬರಿನಲ್ಲಿ ಇಲ್ಲದ ದಂಡ ಇದ್ದಂತೆಯೂ, ಡಿಸೆಂಬರಿನಲ್ಲಿ ಹತ್ತಿದ್ದದ್ದು ಎಂಟಾದಂತೆಯೂ ಆಗುತ್ತದೆ. ಸರಿಯಾದ ಕ್ರಮವೆಂದರೆ ಪ್ರತಿ ಮಾಹಿತಿಗೂ ಎರಡು ದಿನಾಂಕ ಇಟ್ಟುಕೊಳ್ಳುವುದು: ಘಟನೆ ನಡೆದದ್ದು ಯಾವತ್ತು, ಅದು ಜಗತ್ತಿಗೆ ತಿಳಿದದ್ದು ಯಾವತ್ತು. ಬಾಜಿಯ ಕ್ಷಣಕ್ಕಿಂತ ಎರಡನೆಯ ದಿನಾಂಕ ಹಿಂದಿದ್ದರೆ ಮಾತ್ರ ಆ ಮಾಹಿತಿಗೆ ಒಳಗೆ ಪ್ರವೇಶ.

ದರಕ್ಕೂ ಇದೇ ಮಾತು. ಆ ಕಡತದಲ್ಲಿ `B365H` ಎಂಬುದು ಪಂದ್ಯಕ್ಕೆ ಮುಂಚೆ ದಾಖಲಿಸಿದ ದರ, ವಾರಾಂತ್ಯದ ಪಂದ್ಯಗಳಾದರೆ ಸಾಮಾನ್ಯವಾಗಿ ಶುಕ್ರವಾರ ಮಧ್ಯಾಹ್ನದ್ದು. `B365CH` ಎಂಬುದು ಆಟ ಶುರುವಾಗುವ ಮುನ್ನಿನ ಕೊನೆಯ ದರ. ಗಾಯಾಳುಗಳ ಸುದ್ದಿ, ಆಡುವ ಹನ್ನೊಂದು ಮಂದಿಯ ಪಟ್ಟಿ ಎಲ್ಲ ಈ ಎರಡರ ನಡುವೆ ಹೊರಬರುತ್ತವೆ. ಶನಿವಾರದ ತಂಡದ ಪಟ್ಟಿ ನೋಡಿ ಶುಕ್ರವಾರದ ದರದಲ್ಲಿ ಬಾಜಿ ಕಟ್ಟಿದಂತೆ ಲೆಕ್ಕ ಬರೆದರೆ, ಕಾಗದದ ಮೇಲೆ ಯಾರು ಬೇಕಾದರೂ ಗೆಲ್ಲಬಹುದು.

ಎರಡನೆಯ ದೋಷ ಉಳಿದವರನ್ನು ಮಾತ್ರ ಎಣಿಸುವುದು. ಪ್ರೀಮಿಯರ್ ಲೀಗ್ 1992ರಲ್ಲಿ ಶುರುವಾದಾಗಿನಿಂದ ಒಮ್ಮೆಯೂ ಕೆಳಗಿಳಿಯದೆ 2024-25ರ ಋತುವಿನವರೆಗೂ ಆಡಿದ್ದು ಆರೇ ತಂಡಗಳು: ಆರ್ಸೆನಲ್, ಚೆಲ್ಸಿ, ಎವರ್ಟನ್, ಲಿವರ್‌ಪೂಲ್, ಮ್ಯಾಂಚೆಸ್ಟರ್ ಯುನೈಟೆಡ್, ಟಾಟನ್‌ಹ್ಯಾಮ್. ‘ಎಲ್ಲ ವರ್ಷಗಳ ದಾಖಲೆಯೂ ಪೂರ್ತಿ ಸಿಗುವ ತಂಡಗಳು ಸಾಕು’ ಎಂದು ಈ ಆರನ್ನೇ ಆರಿಸಿಕೊಂಡರೆ, ಕುಸಿದು ಬಿದ್ದವರೆಲ್ಲ ಲೆಕ್ಕದಿಂದ ಹೊರಗುಳಿಯುತ್ತಾರೆ. ಲೀಡ್ಸ್ 2001ರಲ್ಲಿ ಚಾಂಪಿಯನ್ಸ್ ಲೀಗಿನ ಸೆಮಿಫೈನಲ್ ಆಡಿದ ತಂಡ, 2004ರಲ್ಲಿ ಕೆಳಗಿನ ದರ್ಜೆಗೆ ಇಳಿಯಿತು. ಕಪ್ ಗೆದ್ದ ಲೆಸ್ಟರ್ ಕೂಡ 2023ರಲ್ಲಿ ಇಳಿಯಿತು. 2001ರಲ್ಲಿ ನಿಂತು ನೋಡಿದವನಿಗೆ ಲೀಡ್ಸ್ ಕೂಡ ದೊಡ್ಡ ತಂಡವೇ.

ಯಾರೂ ಉದ್ದೇಶಪೂರ್ವಕವಾಗಿ ಆರಿಸದಿದ್ದರೂ ಈ ದೋಷ ನುಸುಳುತ್ತದೆ. ಪ್ರತಿ ವರ್ಷ ಮೂರು ತಂಡಗಳು ಕೆಳಗಿನಿಂದ ಬಡ್ತಿ ಪಡೆದು ಬರುತ್ತವೆ. ಸೂತ್ರಕ್ಕೆ ಹಿಂದಿನ ವರ್ಷದ ಪ್ರೀಮಿಯರ್ ಲೀಗ್ ಅಂಕ ಬೇಕೆಂದಿದ್ದರೆ ಆ ಮೂವರಿಗೆ ಜಾಗ ಖಾಲಿ ಬೀಳುತ್ತದೆ. ಖಾಲಿ ಇರುವ ಸಾಲುಗಳನ್ನು ಒಂದೇ ಆಜ್ಞೆಯಲ್ಲಿ ಅಳಿಸಿಹಾಕುವುದು ಎಲ್ಲರ ರೂಢಿ. ಮೂರು ತಂಡಗಳಿಗೆ ತಲಾ 38ರಂತೆ 114 ಪಂದ್ಯ, ಅವುಗಳೊಳಗೇ ಆಡಿದ ಆರು ಎರಡು ಸಲ ಎಣಿಕೆಯಾದದ್ದನ್ನು ಕಳೆದರೆ 108. ಅಂದರೆ 380 ಪಂದ್ಯಗಳಲ್ಲಿ ನೂರಕ್ಕೆ 28ರಷ್ಟು ಸದ್ದಿಲ್ಲದೆ ಮಾಯ. ಹಾಗಾಗಿ ಪರೀಕ್ಷೆಗೆ ಮುಂಚೆ ಒಂದು ಋತುವಿಗೆ 380 ಸಾಲು, 20 ತಂಡ ಇವೆಯೇ ಎಂದು ಎಣಿಸಬೇಕು, ಪ್ರತಿ ಹಂತದ ನಂತರವೂ ಮತ್ತೆ ಎಣಿಸಬೇಕು. ಬಡ್ತಿ ಪಡೆದವರಿಗೆ ಕೆಳ ದರ್ಜೆಯ ದಾಖಲೆಯಿಂದ ಅಂದಾಜು ಕೊಡಬಹುದು. ಅವರನ್ನು ಬಿಡುವುದೇ ಆದರೆ, ನಿಜವಾದ ಬಾಜಿಯಲ್ಲೂ ಬಿಡುತ್ತೇವೆ ಎಂದು ಸೂತ್ರದಲ್ಲೇ ಬರೆದಿರಬೇಕು.

ಮೂರನೆಯದು ಹಳೆಯ ಋತುಗಳಿಗೆ ತಕ್ಕಂತೆ ಸೂತ್ರವನ್ನು ಹೊಲಿಯುವುದು. ದರಕ್ಕೆ ಐದು ಶ್ರೇಣಿ, ಲಯ ಅಳೆಯಲು ನಾಲ್ಕು ಬಗೆ, ಪಂದ್ಯದ ದಿನಕ್ಕೆ ಮೂರು, ತವರು ಅಥವಾ ಹೊರಗೆ ಎಂದು ಎರಡು, ಋತುವಿನ ಭಾಗಕ್ಕೆ ನಾಲ್ಕು ಆಯ್ಕೆ ಇಟ್ಟುಕೊಂಡರೆ ಒಟ್ಟು 480 ಸೂತ್ರಗಳಾಗುತ್ತವೆ. ಅವುಗಳಲ್ಲಿ ಯಾವುದರಲ್ಲೂ ಸತ್ವವಿಲ್ಲದಿದ್ದರೂ, ನೂರಕ್ಕೆ ಐದು ಬಾರಿ ಮಾತ್ರ ಕಾಕತಾಳೀಯವಾಗಿ ಆಗುವಂಥದ್ದು ಸರಾಸರಿಯಲ್ಲಿ 24 ಸೂತ್ರಗಳಿಗೆ ಆಗುತ್ತದೆ. ‘ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ, ಶನಿವಾರ, 3.5ರಿಂದ 4.5ರ ದರದ ಹೊರಗಿನ ತಂಡ’ ಎಂಬಂಥ ಸೂತ್ರ ಹುಟ್ಟುವುದು ಹೀಗೆ.

ಸಂಖ್ಯೆಯ ಬಲ ಎಷ್ಟು ಕಡಿಮೆ ಎಂಬುದಕ್ಕೆ ಒಂದು ಲೆಕ್ಕ ಸಾಕು. ಒಂದು ರೂಪಾಯಿಗೆ ನಾಲ್ಕು ಬರುವ ದರದಲ್ಲಿ, ಗೆಲ್ಲುವ ಸಾಧ್ಯತೆ ಸರಿಯಾಗಿ ಕಾಲು ಭಾಗ ಇರುವ ನೂರು ಬಾಜಿ ಕಟ್ಟಿದರೆ ಸರಾಸರಿಯಲ್ಲಿ ಲಾಭವೂ ಇಲ್ಲ, ನಷ್ಟವೂ ಇಲ್ಲ. ಆದರೆ ಅದೃಷ್ಟವೊಂದರಿಂದಲೇ ಫಲಿತಾಂಶ ಆಚೀಚೆ ತೂಗಾಡುವ ಸಾಮಾನ್ಯ ಅಳತೆ ಶೇ 17. ಹಾಗಿರುವಾಗ ನೂರು ಬಾಜಿಗಳಲ್ಲಿ ಬಂದ ಶೇ 15ರ ಲಾಭ ಏನನ್ನೂ ಸಾಬೀತು ಮಾಡುವುದಿಲ್ಲ. ನಿಜದಲ್ಲಿ ಬುಕ್ಕಿಯ ಪಾಲೂ ಇದೆ. ಗೆಲುವು, ಡ್ರಾ, ಸೋಲಿಗೆ 2.10, 3.40, 3.50 ದರ ಇದ್ದರೆ ಅವುಗಳ ವಿಲೋಮಗಳ ಮೊತ್ತ ಸುಮಾರು 1.056. ಒಂದಕ್ಕಿಂತ ಹೆಚ್ಚಾದ ಆ 5.6 ಪೈಸೆ ಅವನ ಅಂಚು.

ಪರಿಹಾರದ ದಾರಿ ಕಾಲದ ಕ್ರಮವನ್ನು ಮುರಿಯದಿರುವುದು. ಐದು ಋತುಗಳ 1,900 ಪಂದ್ಯಗಳಲ್ಲಿ ಸೂತ್ರ ಕಟ್ಟಿ, ಆರನೆಯ ಋತುವಿನಲ್ಲಿ ಒಂದಕ್ಷರವನ್ನೂ ಬದಲಿಸದೆ ಓಡಿಸಬೇಕು. ಆಮೇಲೆ ಇಡೀ ಕಿಟಕಿಯನ್ನು ಒಂದು ವರ್ಷ ಮುಂದಕ್ಕೆ ಸರಿಸಿ ಮತ್ತೆ ಅದನ್ನೇ ಮಾಡಬೇಕು. ಕೊನೆಯ ಎರಡು ಋತುಗಳನ್ನು ಬೀಗ ಹಾಕಿಟ್ಟು, ಎಲ್ಲ ತೀರ್ಮಾನವಾದ ಮೇಲೆ ಒಂದೇ ಸಲ ತೆರೆಯಬೇಕು. ನೋಡಿ, ತಿದ್ದಿ, ಮತ್ತೆ ನೋಡಿದರೆ ಅವೂ ಹೊಲಿಗೆಯ ಬಟ್ಟೆಯೇ ಆಗುತ್ತವೆ. ಎಷ್ಟು ಸೂತ್ರ ಪರೀಕ್ಷಿಸಿದ್ದೇವೆ ಎಂಬ ಲೆಕ್ಕವನ್ನೂ ಬರೆದಿಡಬೇಕು. 3.5 ಎಂಬ ಮಿತಿಯನ್ನು 3.4 ಮಾಡಿದ ಕೂಡಲೇ ಲಾಭ ಕರಗಿದರೆ ಅಲ್ಲಿ ಸತ್ವವಿರುವುದು ಸಂಶಯ.

ಇಷ್ಟೆಲ್ಲ ಮಾಡಿದರೂ ಆಟವೇ ಬದಲಾಗಬಹುದು. ಕೊರೊನಾ ಕಾಲದ 2020-21ರಲ್ಲಿ ಬಹುಪಾಲು ಪಂದ್ಯಗಳು ಖಾಲಿ ಮೈದಾನಗಳಲ್ಲಿ ನಡೆದವು. ತವರಿನಲ್ಲಿ ಆಡಿದವರು 144 ಪಂದ್ಯ ಗೆದ್ದರೆ, ಹೊರಗಿನಿಂದ ಬಂದವರು 153 ಗೆದ್ದರು. ತವರಿನ ಲಾಭವನ್ನೇ ನಂಬಿ, ಹಿಂದಿನ ಯಾವ ಋತುವಿನಲ್ಲಿ ಪರೀಕ್ಷೆ ಮಾಡಿದ್ದರೂ ಇದು ಕಾಣುತ್ತಿರಲಿಲ್ಲ.

ಟೋಕಿಯೊ ವಿಶ್ವವಿದ್ಯಾಲಯದಲ್ಲಿದ್ದ ಲಿಸಾಂಡ್ರೊ ಕೌನಿಟ್ಜ್ ಮತ್ತು ಇಬ್ಬರು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಅಧ್ಯಯನ ಈ ಮೆಟ್ಟಿಲುಗಳನ್ನು ಒಂದೊಂದಾಗಿ ಹತ್ತಿದ್ದಕ್ಕೆ ಉದಾಹರಣೆ. ಎಲ್ಲ ಬುಕ್ಕಿಗಳ ದರದ ಸರಾಸರಿಯನ್ನು ನಿಜವಾದ ಸಾಧ್ಯತೆಯ ಅಂದಾಜೆಂದು ಹಿಡಿದು, ಅದಕ್ಕಿಂತ ಸಾಕಷ್ಟು ಹೆಚ್ಚು ಕೊಡುವ ಒಬ್ಬ ಬುಕ್ಕಿ ಸಿಕ್ಕಾಗ ಮಾತ್ರ ಬಾಜಿ ಕಟ್ಟುವುದು ಅವರ ಸೂತ್ರ. ಹತ್ತು ವರ್ಷಗಳ ಸುಮಾರು 4.79 ಲಕ್ಷ ಪಂದ್ಯಗಳ ಮೇಲೆ ಅದು ಶೇ 3.5ರ ಲಾಭ ತೋರಿಸಿತು. ಆದರೆ ಆ ಲೆಕ್ಕ ಮಾಡಿದ್ದು ಕೊನೆಯ ದರಗಳಲ್ಲಿ, ಮನುಷ್ಯನೊಬ್ಬ ಅಷ್ಟು ಹೊತ್ತಿಗೆ ಬಾಜಿ ಕಟ್ಟುವುದು ಕಷ್ಟ. ಅದಕ್ಕಾಗಿ ಪಂದ್ಯಕ್ಕೆ ಒಂದರಿಂದ ಐದು ಗಂಟೆ ಮುಂಚಿನ ದರಗಳನ್ನು ತಾವೇ ಕೂಡಿಸಿ ಮತ್ತೆ ಲೆಕ್ಕ ಹಾಕಿದರು, ಆಮೇಲೆ ಹಣವಿಲ್ಲದೆ ಕಾಗದದ ಮೇಲೆ ಕಟ್ಟಿ ನೋಡಿದರು, ಕೊನೆಗೆ ಐದು ತಿಂಗಳು ನಿಜವಾದ ಹಣ ಹಾಕಿದರು. ಲಾಭ ಉಳಿಯಿತು. ಆದರೆ ಕೆಲವೇ ತಿಂಗಳಲ್ಲಿ ಬುಕ್ಕಿಗಳು ಅವರ ಖಾತೆಗಳಿಗೆ ಮಿತಿ ಹಾಕತೊಡಗಿದರು. ಕಟ್ಟಲು ಬಿಡುವ ಮೊತ್ತವನ್ನು ತಗ್ಗಿಸಿದರು, ಕೆಲವು ಬಾಜಿಗಳನ್ನು ಸ್ವೀಕರಿಸಲಿಲ್ಲ. ಪ್ರಯೋಗ ಅಲ್ಲಿಗೆ ನಿಂತಿತು.