ಸಂಪರ್ಕ ಕಡಿತಗೊಂಡಾಗ ವಿದ್ಯುನ್ಮಾನ ಟಿಕೆಟ್ ಯಂತ್ರದ ಕಾರ್ಯವಿಧಾನ

ಮೊಬೈಲ್ ಸಂಪರ್ಕ ಕಡಿತಗೊಂಡಾಗಲೂ ಬಸ್ ನಿರ್ವಾಹಕರು ಟಿಕೆಟ್ ನೀಡಬೇಕಾಗುತ್ತದೆ. ಇದಕ್ಕಾಗಿ ದರಪಟ್ಟಿಯನ್ನು ಯಂತ್ರದಲ್ಲಿಯೇ ಅಳವಡಿಸಲಾಗುತ್ತದೆ. ಮಾರಾಟದ ವಿವರಗಳು ಅದರಲ್ಲಿಯೇ ಉಳಿದು, ಸಂಪರ್ಕ ದೊರೆತಾಗ ಅಥವಾ ಬಸ್ ಘಟಕಕ್ಕೆ ಮರಳಿದಾಗ ಕೇಂದ್ರ ಗಣಕಕ್ಕೆ ರವಾನೆಯಾಗುತ್ತವೆ.

ಉದಾಹರಣೆಗೆ, ಮಾಗಡಿ ತಾಲ್ಲೂಕಿನ ಗುಡೇಮಾರನಹಳ್ಳಿ ಮಾರ್ಗದ ಎರಡು ಬಸ್ಸುಗಳಲ್ಲಿ ಏಕಕಾಲಕ್ಕೆ 41ನೇ ಟಿಕೆಟ್ ಮುದ್ರಿತವಾಯಿತೆಂದು ಭಾವಿಸಬಹುದು. ಯಂತ್ರದ ಸಂಖ್ಯೆ, ದಿನಾಂಕ ಹಾಗೂ ಕ್ರಮಸಂಖ್ಯೆ ಒಟ್ಟುಗೂಡಿದ ಗುರುತು ಬೇರೆಬೇರೆಯಾಗಿದ್ದಲ್ಲಿ ಲೆಕ್ಕ ಬೆರೆಯುವುದಿಲ್ಲ. ರವಾನೆ ಅರ್ಧಕ್ಕೆ ನಿಂತು ಪುನಃ ಕಳುಹಿಸಿದರೂ, ಈಗಾಗಲೇ ದಾಖಲಾದ ಗುರುತನ್ನು ಗಣಕವು ಎರಡನೆಯ ಬಾರಿ ಸೇರಿಸತಕ್ಕದ್ದಲ್ಲ. 40ರ ನಂತರ 42 ಬಂದಲ್ಲಿ ಒಂದು ದಾಖಲೆ ಬಾಕಿಯಿದೆಯೆಂದು ತಿಳಿಯುತ್ತದೆ.

ಆಸನ ಕಾಯ್ದಿರಿಸುವಿಕೆಗೆ ಈ ಕ್ರಮ ಸಾಲದು. ಒಂದೇ ಆಸನ ಇಬ್ಬರಿಗೆ ಮಾರಾಟವಾಗದಂತೆ ಪ್ರತಿ ಯಂತ್ರಕ್ಕೂ ಪ್ರತ್ಯೇಕ ಆಸನಗಳನ್ನು ಮುಂಚಿತವಾಗಿ ಹಂಚಿರಬೇಕು. ದೂರು ಸಲ್ಲಿಸುವ ಪ್ರಯಾಣಿಕರು ಟಿಕೆಟ್ಟಿನಲ್ಲಿ ಮುದ್ರಿತವಾದ ಸಂಖ್ಯೆಗಳನ್ನು ನಮೂದಿಸುವುದು.