ಸದ್ದು ಯಾವ ಕಿವಿಯಲ್ಲಿ?

ರಾತ್ರಿ ಮಲಗುವಾಗ ಸರಿಯಾಗಿಯೇ ಇದ್ದ ಬಲಗಿವಿ ಬೆಳಗ್ಗೆ ಏಳುವ ಹೊತ್ತಿಗೆ ಕಟ್ಟಿಕೊಂಡಿತ್ತು. ಒಳಗೆ ಗುಯ್ ಎನ್ನುವ ಸದ್ದು ಬೇರೆ. ಬಸ್ ಕಂಡಕ್ಟರ್, ವಯಸ್ಸು ನಲವತ್ತಾರು. ಹಿಂದಿನ ವಾರವಷ್ಟೇ ನೆಗಡಿ ಬಂದು ಹೋಗಿತ್ತು. ಔಷಧಿ ಅಂಗಡಿಯವರು ‘ಗುಗ್ಗೆ ಗಟ್ಟಿಯಾಗಿರಬೇಕು’ ಎಂದು ಕಿವಿಗೆ ಬಿಡುವ ಹನಿ ಕೊಟ್ಟರು. ಮೂರು ದಿನ ಬಿಟ್ಟರೂ ಕಿವಿ ತೆರೆಯಲಿಲ್ಲ. ನಾಲ್ಕನೆಯ ದಿನ ಇಎನ್‌ಟಿ ಡಾಕ್ಟರ ಮುಂದೆ ಕೂತು ಕಂಡಕ್ಟರು ಹೇಳಿದ್ದೂ ಅದನ್ನೇ: ‘ಗುಗ್ಗೆ ಕೂತಿದೆ ಮೇಡಂ, ಸ್ವಲ್ಪ ತೆಗೆದುಬಿಡಿ.’

ಇದು ಯಾರೋ ಒಬ್ಬರದೇ ಕಥೆಯಲ್ಲ. ಇಂಥ ಹಲವರನ್ನು ಸೇರಿಸಿ ಕಟ್ಟಿಕೊಂಡ ಒಬ್ಬ ರೋಗಿ ಎಂದುಕೊಳ್ಳಬಹುದು. ‘ಕಿವಿ ಕಟ್ಟಿದೆ’ ಎನ್ನುವ ಮಾತಿನಲ್ಲೇ ತೊಡಕಿರುವುದು. ಗುಗ್ಗೆ ಕೂತರೂ ಹಾಗೇ ಅನಿಸುತ್ತದೆ, ನೆಗಡಿಯಿಂದ ತಮಟೆಯ ಹಿಂದೆ ನೀರು ತುಂಬಿದರೂ ಹಾಗೇ, ಒಳಗಿವಿಯೇ ಕೈಕೊಟ್ಟರೂ ಹಾಗೇ. ಮೊದಲ ಎರಡಕ್ಕೆ ವಾರವೊಂದು ತಡವಾದರೆ ನಷ್ಟವಿಲ್ಲ. ಮೂರನೆಯದಕ್ಕೆ ಒಂದೊಂದು ದಿನವೂ ಲೆಕ್ಕಕ್ಕೆ ಬರುತ್ತದೆ.

ಡಾಕ್ಟರು ಬೆಳಕಿನ ಕೊಳವೆ ಹಾಕಿ ನೋಡಿದರು. ಗೋಡೆಗಂಟಿದ ಒಂದಿಷ್ಟು ಗುಗ್ಗೆ ಬಿಟ್ಟರೆ ದಾರಿ ತೆರೆದೇ ಇತ್ತು, ತಮಟೆ ಹೊಳೆಯುತ್ತಿತ್ತು. ಮೇಜಿನ ಖಾನೆಯಿಂದ ಅವರು ಟ್ಯೂನಿಂಗ್ ಫೋರ್ಕ್ ತೆಗೆದರು. ಶಾಲೆಯ ವಿಜ್ಞಾನದ ಪುಸ್ತಕದಲ್ಲಿ ಶ್ರುತಿಕವೆ ಎಂದು ಓದಿದ್ದು ಇದನ್ನೇ. ಎರಡು ಕಡ್ಡಿ, ಒಂದು ಹಿಡಿಕೆ, ಹಿಡಿಕೆಯ ತುದಿಯಲ್ಲಿ ಗುಂಡಿಯಂಥ ಚಪ್ಪಟೆ ಪಾದ. ಲೋಹದ ಮೇಲೆ 512 ಎಂದು ಕೊರೆದಿರುತ್ತದೆ, ಸೆಕೆಂಡಿಗೆ 512 ಬಾರಿ ಅದುರುತ್ತದೆ ಎಂದು ಅರ್ಥ. ಇದಕ್ಕಿಂತ ತಗ್ಗಿನ ಸ್ಥಾಯಿಯ ಕವೆಯ ಅದುರಾಟ ಮೂಳೆಗೆ ನಡುಕವಾಗಿಯೇ ತಾಗುವುದರಿಂದ, ಕೇಳಿಸಿತೋ ಚರ್ಮಕ್ಕೆ ಗೊತ್ತಾಯಿತೋ ಎಂದು ರೋಗಿಗೆ ತಿಳಿಯುವುದಿಲ್ಲ. ಹೆಚ್ಚಿನ ಸ್ಥಾಯಿಯದು ಬೇಗ ಆರಿಹೋಗುತ್ತದೆ. ನಡುವಿನ 512 ಕೈಗೆ ಒಗ್ಗಿದೆ.

ಕವೆಯನ್ನು ಮೇಜಿಗೆ ಬಡಿಯಬಾರದು. ಗಟ್ಟಿ ಜಾಗಕ್ಕೆ ಬಡಿದರೆ ಮೂಲ ಸ್ವರದ ಜೊತೆ ಬೇರೆ ಸ್ವರಗಳೂ ಕಿರುಚುತ್ತವೆ. ಡಾಕ್ಟರು ತಮ್ಮ ಮೊಣಕೈ ಮೂಳೆಗೆ ಮೆಲ್ಲಗೆ ತಟ್ಟಿ, ಪಾದವನ್ನು ಕಂಡಕ್ಟರ ಹಣೆಯ ನಡುವೆ ಒತ್ತಿ ಹಿಡಿದರು.

‘ಎಲ್ಲಿ ಕೇಳ್ತಿದೆ? ಎಡಕ್ಕೋ, ಬಲಕ್ಕೋ, ನಡುವೆಯೋ?’

‘ಎಡಕ್ಕೇ ಮೇಡಂ.’

ಗುಗ್ಗೆಯ ಕಥೆ ಅಲ್ಲಿಗೆ ಬಿದ್ದುಹೋಯಿತು. ಹೇಗೆ ಎಂದು ತಿಳಿಯಲು ಓದುಗರು ಕೂತಲ್ಲೇ ಒಂದು ಪ್ರಯೋಗ ಮಾಡಬಹುದು. ತುಟಿ ಮುಚ್ಚಿ ‘ಮ್‌ಮ್‌ಮ್’ ಎಂದು ಎಳೆಯುತ್ತಾ ಬಲಗಿವಿಯನ್ನು ಬೆರಳಿಂದ ಗಟ್ಟಿಯಾಗಿ ಮುಚ್ಚಿ. ಸದ್ದು ತಟ್ಟನೆ ಬಲಕ್ಕೆ, ಅಂದರೆ ಮುಚ್ಚಿದ ಕಿವಿಗೇ ಜಿಗಿಯುತ್ತದೆ. ಗಂಟಲಿನ ಅದುರಾಟ ತಲೆಬುರುಡೆಯ ಮೂಳೆಗಳ ಮೂಲಕ ಎರಡೂ ಕಿವಿಗಳ ಒಳಭಾಗಕ್ಕೆ ಹೋಗುತ್ತಿರುತ್ತದೆ. ಕಿವಿಯ ಕಾಲುವೆಯ ಗೋಡೆಗಳೂ ಅದುರಿ ಅಲ್ಲೇ ಒಂದಿಷ್ಟು ಸದ್ದು ಹುಟ್ಟುತ್ತದೆ. ತೆರೆದ ಕಿವಿಯಲ್ಲಿ ಅದು ಹೊರಗೆ ಸೋರಿಹೋಗುತ್ತದೆ, ಮುಚ್ಚಿದರೆ ಒಳಗೇ ಉಳಿದು ತಮಟೆಯನ್ನು ಬಡಿಯುತ್ತದೆ. ಮುಚ್ಚಿದ ಕಿವಿಗೆ ಕೋಣೆಯ ಗದ್ದಲವೂ ತಲುಪದು.

ಗುಗ್ಗೆ ಗಟ್ಟಿಯಾಗಿ ಕೂತಿದ್ದರೆ ಅದು ಬೆರಳಿನ ಕೆಲಸವನ್ನೇ ಮಾಡುತ್ತಿತ್ತು. ಹಣೆಯ ಮೇಲಿನ ಕವೆ ಕೆಟ್ಟ ಕಿವಿಯಲ್ಲೇ ಜೋರಾಗಿ ಕೇಳಬೇಕಿತ್ತು. ತಮಟೆ ತೂತಾದಾಗ, ಅದರ ಹಿಂದೆ ನೀರು ತುಂಬಿದಾಗ, ಒಳಗಿನ ಪುಟ್ಟ ಮೂಳೆ ಬಿಗಿದುಕೊಂಡಾಗಲೂ ಸದ್ದು ಕೆಟ್ಟ ಕಿವಿಯ ಕಡೆಗೇ ವಾಲುತ್ತದೆ. ಇವೆಲ್ಲ ವಹನದ ದೋಷಗಳು, ಅಂದರೆ ಸದ್ದು ಸಾಗುವ ದಾರಿ ಕೆಟ್ಟಿರುವುದು. ಸದ್ದನ್ನು ಹಿಡಿಯುವ ಒಳಗಿವಿಯೇ ಕೆಟ್ಟಿದ್ದರೆ ಮಾತ್ರ ಅದು ಒಳ್ಳೆಯ ಕಿವಿಗೆ ಓಡುತ್ತದೆ. ಇದಕ್ಕೆ ನರದ ಕಿವುಡು ಎನ್ನುವುದು ರೂಢಿಯಾದರೂ, ಹೆಚ್ಚಿನವರಲ್ಲಿ ಕೆಟ್ಟಿರುವುದು ನರವಲ್ಲ, ಬಸವನಹುಳುವಿನ ಚಿಪ್ಪಿನಂತಿರುವ ಕಾಕ್ಲಿಯದೊಳಗಿನ ರೋಮಕೋಶಗಳು.

ಈ ಪರೀಕ್ಷೆಗೆ ಜರ್ಮನಿಯ ಲೈಪ್‌ಜಿಗ್‌ನ ಶರೀರಶಾಸ್ತ್ರಜ್ಞ ಅರ್ನ್ಸ್ಟ್ ಹೈನ್ರಿಕ್ ವೇಬರ್‌ನ ಹೆಸರು. 1834ರಲ್ಲಿ ಮುಚ್ಚಿದ ಕಿವಿಗೆ ಸದ್ದು ಜಿಗಿಯುವುದನ್ನು ಅವನು ಬರೆದಿಟ್ಟ. ಎರಡು ಕಿವಿಗಳ ನಡುವೆ 5 ಡೆಸಿಬೆಲ್‌ನಷ್ಟು ಅಂತರವಿದ್ದರೂ ವೇಬರ್ ಪರೀಕ್ಷೆಯಲ್ಲಿ ಸದ್ದು ವಾಲಬಲ್ಲದು. ಅದನ್ನು ಕೆಡಿಸುವುದು ಬಹುಪಾಲು ಪ್ರಶ್ನೆ ಕೇಳುವ ರೀತಿ. ‘ಯಾವ ಕಿವೀಲಿ ಚೆನ್ನಾಗಿ ಕೇಳುತ್ತೆ?’ ಎಂದು ಕೇಳಿದರೆ ರೋಗಿ ಕವೆಯನ್ನು ಮರೆತು ತನ್ನ ಒಳ್ಳೆಯ ಕಿವಿಯನ್ನು ತೋರಿಸುತ್ತಾನೆ. ಗುಗ್ಗೆ ಕೂತವರು ಸದ್ದು ಕೆಟ್ಟ ಕಿವಿಯಲ್ಲೇ ಕೇಳಿದ್ದಕ್ಕೆ ಗಲಿಬಿಲಿಗೊಂಡು, ತಾವೇ ತಪ್ಪಿರಬೇಕೆಂದು ಉತ್ತರ ಬದಲಿಸುವುದೂ ಉಂಟು.

ಎರಡನೆಯ ಪರೀಕ್ಷೆ ರಿನ್ನೆಯದು. ಅಡಾಲ್ಫ್ ರಿನ್ನೆ ಎಂಬ ಜರ್ಮನ್ ವೈದ್ಯ 1855ರಲ್ಲಿ ವಿವರಿಸಿದ್ದು. ಅದುರುವ ಕವೆಯ ಪಾದವನ್ನು ಕಿವಿಯ ಹಿಂದಿನ ಉಬ್ಬು ಮೂಳೆಗೆ ಒತ್ತಬೇಕು, ಆಮೇಲೆ ಕಡ್ಡಿಗಳನ್ನು ಕಿವಿಯ ತೂತಿನಿಂದ ಒಂದಿಂಚು ದೂರದಲ್ಲಿ ಹಿಡಿಯಬೇಕು. ಯಾವುದು ಜೋರು, ಹಿಂದಿನದೋ ಮುಂದಿನದೋ ಎಂಬುದಷ್ಟೇ ಪ್ರಶ್ನೆ.

ಸರಿಯಿರುವ ಕಿವಿಗೆ ಮುಂದಿನದೇ ಜೋರು. ಗಾಳಿಯಲ್ಲಿ ಬಂದ ಸದ್ದು ಒಳಗಿವಿಯ ದ್ರವಕ್ಕೆ ನೇರವಾಗಿ ತಾಗಿದರೆ ಸಾವಿರದಲ್ಲಿ ಒಂದು ಪಾಲಿನಷ್ಟು ಶಕ್ತಿ ಮಾತ್ರ ಒಳಗಿಳಿದು ಉಳಿದದ್ದು ಹಿಂದಕ್ಕೆ ಪುಟಿಯುತ್ತದೆ. ಈ ನಷ್ಟ ತುಂಬುವುದಕ್ಕೇ ನಡುಗಿವಿ ಇರುವುದು. ತಮಟೆಯ ಅಗಲದಲ್ಲಿ ಬಿದ್ದ ಒತ್ತಡವನ್ನು ಸುತ್ತಿಗೆ, ಅಡಿಗಲ್ಲು, ರಿಕಾಪು ಎಂಬ ಮೂರು ಪುಟ್ಟ ಮೂಳೆಗಳು, ಅದಕ್ಕಿಂತ ಸುಮಾರು 17 ಪಟ್ಟು ಕಿರಿದಾದ ಒಳಗಿವಿಯ ಕಿಟಕಿಯ ಮೇಲೆ ತಂದು ಒತ್ತುತ್ತವೆ. ಮೂಳೆಗಳ ಸನ್ನೆಗೋಲಿನ ಲಾಭವೂ ಸೇರಿ ಒತ್ತಡ 22 ಪಟ್ಟಿನಷ್ಟಾಗುತ್ತದೆ. ಹಿಂದಿನ ಮೂಳೆಯಿಂದ ಬರುವ ಸದ್ದಿಗೆ ಈ ಸಹಾಯ ಅಷ್ಟಾಗಿ ಬೇಕಿಲ್ಲ. ಹಾಗಾಗಿ ನಡುಗಿವಿ ಕೆಟ್ಟರೆ ಗಾಳಿಯ ದಾರಿ ಸೊರಗಿ ಮೂಳೆಯ ದಾರಿ ಗೆಲ್ಲುತ್ತದೆ. ಒಳಗಿವಿ ಕೆಟ್ಟರೆ ಎರಡೂ ದಾರಿಯ ಸದ್ದು ಒಟ್ಟಿಗೆ ಕುಗ್ಗುತ್ತದೆ, ಆದರೆ ಮುಂದಿನದೇ ಜೋರಾಗಿ ಉಳಿಯುತ್ತದೆ. ಮುಂದಿನದು ಜೋರಾದರೆ ‘ರಿನ್ನೆ ಪಾಸಿಟಿವ್’. ಪಾಸಿಟಿವ್ ಎಂದರೆ ರೋಗವಿದೆ ಎಂದು ತಿಳಿಯುವ ನಮಗೆ ಇದು ತಲೆಕೆಳಗಾದ ಹೆಸರು. ವೈದ್ಯಕೀಯ ವಿದ್ಯಾರ್ಥಿಗಳೂ ಇಲ್ಲಿ ಎಡವುತ್ತಾರೆ.

ಕಂಡಕ್ಟರ ಬಲಗಿವಿಯ ಮುಂದೆ ಕವೆ ಹಿಡಿದಾಗ ಏನೂ ಕೇಳಲಿಲ್ಲ. ಹಿಂದಿನ ಮೂಳೆಗೆ ಒತ್ತಿದಾಗ ‘ಹಾಂ, ಈಗ ಕೇಳ್ತಿದೆ’ ಎಂದರು. ಹಿಂದಿನದು ಜೋರು, ಅಂದರೆ ರಿನ್ನೆ ನೆಗೆಟಿವ್, ಅಂದರೆ ವಹನದ ದೋಷ! ಹಣೆಯ ಪರೀಕ್ಷೆ ಹೇಳಿದ್ದು ನರದ ದೋಷ. ಎರಡರಲ್ಲಿ ಒಂದು ಸುಳ್ಳು.

ಹೊಸಬರಾಗಿದ್ದರೆ ಇಲ್ಲಿಗೆ ‘ನಡುಗಿವಿ’ ಎಂದು ಬರೆದು, ನೆಗಡಿಯ ಮಾತ್ರೆ ಕೊಟ್ಟು, ಎರಡು ವಾರ ಬಿಟ್ಟು ಬನ್ನಿ ಎನ್ನುತ್ತಿದ್ದರೋ ಏನೋ. ಈ ಡಾಕ್ಟರು ಇನ್ನೊಂದು ಪ್ರಶ್ನೆ ಕೇಳಿದರು: ‘ಹಿಂದೆ ಒತ್ತಿದಾಗ ಕೇಳಿತಲ್ಲ, ಅದು ಯಾವ ಕಿವಿಯಲ್ಲಿ?’

ಅವರು ಒಂದು ಕ್ಷಣ ಯೋಚಿಸಿದರು. ‘ಎಡಗಿವೀಲೇ ಅಲ್ವಾ ಮೇಡಂ!’

ಗಾಳಿಯಲ್ಲಿ ಬರುವ ಸದ್ದಿಗೆ ತಲೆಯೇ ಅಡ್ಡ ನಿಲ್ಲುತ್ತದೆ, ಬಲಗಿವಿಯ ಸದ್ದು ಎಡಗಿವಿಗೆ ತಲುಪುವಾಗ ಬಹಳ ಕುಗ್ಗುತ್ತದೆ. ಮೂಳೆಯ ಸದ್ದಿಗೆ ಆ ತಡೆಯಿಲ್ಲ. ಬಲಗಿವಿಯ ಹಿಂದೆ ಒತ್ತಿದ ಕವೆ ಹೆಚ್ಚುಕಡಿಮೆ ಅಷ್ಟೇ ಬಲದಿಂದ ಎಡ ಕಾಕ್ಲಿಯವನ್ನೂ ಅಲುಗಿಸುತ್ತದೆ. ಬಲ ಕಾಕ್ಲಿಯ ಸುಮ್ಮನಿದ್ದರೂ ಎಡದ್ದು ಅದರ ಪರವಾಗಿ ‘ಹಾಜರ್’ ಎಂದಿರುತ್ತದೆ. ಒಂದೇ ಕಿವಿ ಪೂರ್ತಿ ಕೆಟ್ಟಾಗ ರಿನ್ನೆ ಆಡುವ ಈ ಸುಳ್ಳಿಗೆ ‘ಹುಸಿ ನೆಗೆಟಿವ್’ ಎನ್ನುತ್ತಾರೆ. ಬಯಲಿಗೆಳೆಯುವ ಉಪಾಯ ಸರಳ: ಒಳ್ಳೆಯ ಕಿವಿಯನ್ನು ಗದ್ದಲದಲ್ಲಿ ಮುಳುಗಿಸುವುದು. ಅದಕ್ಕೆಂದೇ ಬರಾನಿ ಪೆಟ್ಟಿಗೆ ಎಂಬ ಕೀಲಿ ಕೊಡುವ ಗಿರಗಟ್ಟೆ ಇದೆ. ಅದಿಲ್ಲದಲ್ಲಿ ಕಿವಿತೂತಿನ ಮುಂದಿನ ಪುಟ್ಟ ಮುಚ್ಚಳದಂಥ ಭಾಗವನ್ನು ಬೆರಳಿಂದ ಒತ್ತಿ ಗರಗರ ಉಜ್ಜಿದರೂ ಆಗುತ್ತದೆ. ಡಾಕ್ಟರು ಸಹಾಯಕಿಗೆ ಎಡಗಿವಿ ಉಜ್ಜಲು ಹೇಳಿ, ಬಲಗಿವಿಯ ಹಿಂದೆ ಮತ್ತೆ ಕವೆ ಒತ್ತಿದರು. ಈ ಸಲ ಕಂಡಕ್ಟರು ತಲೆ ಅಲ್ಲಾಡಿಸಿದರು. ಏನೂ ಕೇಳುತ್ತಿರಲಿಲ್ಲ.

ಕವೆ ಹೇಳಬಲ್ಲದ್ದು ಇಷ್ಟೇ. ಕೊರತೆ ಎಷ್ಟು ಡೆಸಿಬೆಲ್ ಎಂದು ಅದು ಹೇಳದು. ಗಾಳಿಯ ದಾರಿಗೂ ಮೂಳೆಯ ದಾರಿಗೂ ಸುಮಾರು 25ರಿಂದ 30 ಡೆಸಿಬೆಲ್ ಅಂತರವಾಗುವವರೆಗೆ 512ರ ಕವೆಯಲ್ಲಿ ರಿನ್ನೆ ಭರವಸೆಯಿಂದ ತಿರುಗುವುದಿಲ್ಲ, ಸಣ್ಣ ವಹನದೋಷ ತಪ್ಪಿಸಿಕೊಳ್ಳುತ್ತದೆ. ಎರಡೂ ಕಿವಿ ಒಂದೇ ಸಮ ಕೆಟ್ಟಿದ್ದರೆ ವೇಬರ್ ಸದ್ದು ನಡುವೆಯೇ ನಿಂತು, ಎಲ್ಲ ಸರಿಯಿರುವಂತೆ ತೋರುತ್ತದೆ. ಪುಟ್ಟ ಮಕ್ಕಳ ಉತ್ತರವನ್ನು ನಂಬುವಂತಿಲ್ಲ.

ಹಾಗಾಗಿ ಅದೇ ಮಧ್ಯಾಹ್ನ ಆಡಿಯೋಗ್ರಾಂ ಆಯಿತು. ಎಡಗಿವಿಗೆ ಗದ್ದಲ ಕೊಟ್ಟು ಅಳೆದಾಗ ಬಲಗಿವಿಯ ಕೊರತೆ 85 ಡೆಸಿಬೆಲ್‌ನ ಆಸುಪಾಸು, ಮೂಳೆಯ ದಾರಿಯಲ್ಲೂ ಅದಕ್ಕಿಂತ ಚೆನ್ನಾಗಿ ಕೇಳಲಿಲ್ಲ. ಮೂರು ದಿನದೊಳಗೆ, ಪಕ್ಕಪಕ್ಕದ ಮೂರು ಸ್ಥಾಯಿಗಳಲ್ಲಿ 30 ಡೆಸಿಬೆಲ್ ಅಥವಾ ಹೆಚ್ಚು ಕುಸಿದರೆ ಅದಕ್ಕೆ ಹಠಾತ್ ನರದ ಕಿವುಡು ಎಂದು ಹೆಸರು. ಬಹುಪಾಲು ಮಂದಿಯಲ್ಲಿ ಕಾರಣ ಸಿಗುವುದಿಲ್ಲ. ಸ್ಟೀರಾಯ್ಡ್ ಕೊಡುವುದಾದರೆ ಮೊದಲ ಎರಡು ವಾರದೊಳಗೆ ಶುರುಮಾಡಬೇಕು, ಬೇಗ ಆದಷ್ಟೂ ಒಳ್ಳೆಯದು. ಅಮೆರಿಕದ ಇಎನ್‌ಟಿ ವೈದ್ಯರ ಅಕಾಡೆಮಿ 2019ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯಲ್ಲೂ ಮೊದಲ ಭೇಟಿಯ ಮೊದಲ ಕೆಲಸ ಇದೇ: ವಹನದ್ದೋ ನರದ್ದೋ ಎಂದು ಬೇರೆ ಮಾಡುವುದು.

ಕಂಡಕ್ಟರಿಗೆ ಅಂದೇ ಮಾತ್ರೆ ಶುರುವಾಯಿತು, ಸಕ್ಕರೆ ಕಾಯಿಲೆ ಇಲ್ಲವೆಂದು ನೋಡಿಕೊಂಡ ಮೇಲೆ. ಶ್ರವಣ ನರದ ಮೇಲೆ ಗಡ್ಡೆಯೇನಾದರೂ ಇದೆಯೇ ಎಂದು ತಿಳಿಯಲು ಎಂಆರ್‌ಐ ಬರೆದುಕೊಟ್ಟರು. ಹನಿಯ ಬಾಟಲಿಯನ್ನು ಡಾಕ್ಟರು ಮೇಜಿನ ಮೇಲೇ ಇಟ್ಟುಕೊಂಡರು. ಈ ಕಾಯಿಲೆಯಲ್ಲಿ ಕೆಲವರಿಗೆ ಕಿವಿ ಪೂರ್ತಿ ಮರಳುತ್ತದೆ, ಕೆಲವರಿಗೆ ಅರ್ಧ, ಕೆಲವರಿಗೆ ಏನೂ ಇಲ್ಲ. ಮೂರು ವಾರ ಬಿಟ್ಟು ಬಂದಾಗ ಕವೆ ಮತ್ತೆ ಹಣೆಗೇರಿತು. ಎಲ್ಲಿ ಎಂದು ಕೇಳಿದರೆ ಈ ಸಲ ಉತ್ತರ ತಟ್ಟನೆ ಬರಲಿಲ್ಲ. ಕಣ್ಣು ಮುಚ್ಚಿ ಕೇಳಿಸಿಕೊಂಡು, ಹಣೆಯ ನಡುವಿಗೂ ಎಡಹುಬ್ಬಿಗೂ ಮಧ್ಯೆ ಒಂದು ಜಾಗವನ್ನು ಬೆರಳಿಂದ ಮುಟ್ಟಿ ತೋರಿಸಿದರು.