ಕಂತು ಕಟ್ಟಿದ ಮೇಲೆ ಕೈಯಲ್ಲಿ ಎಷ್ಟು ಉಳಿಯುತ್ತದೆ? ಬ್ಯಾಂಕು ನೋಡುವ ಡಿಎಸ್‌ಸಿಆರ್ ಲೆಕ್ಕ

ನಮ್ಮ ಅಕೌಂಟೆನ್ಸಿ ಪಾಠದಲ್ಲಿ ಅನುಪಾತಗಳ ಅಧ್ಯಾಯ ಓದುವಾಗ ‘ಬಡ್ಡಿ ವ್ಯಾಪ್ತಿ ಅನುಪಾತ’ ಎಂಬುದು ಬರುತ್ತದೆ. ಲಾಭದಿಂದ ಬಡ್ಡಿಯನ್ನು ಎಷ್ಟು ಪಟ್ಟು ಕಟ್ಟಬಹುದು ಎಂದು ಅದು ಹೇಳುತ್ತದೆ. ಆದರೆ ಸಾಲ ತಂದವನು ಬಡ್ಡಿಯನ್ನಷ್ಟೇ ಕಟ್ಟಿದರೆ ಸಾಲ ತೀರುವುದಿಲ್ಲ, ಅಸಲನ್ನೂ ಕಟ್ಟಬೇಕು. ಆದ್ದರಿಂದ ಯಂತ್ರ ಅಥವಾ ಕಟ್ಟಡಕ್ಕೆಂದು ಕೆಲವು ವರ್ಷಗಳ ಅವಧಿ ಸಾಲ ಕೇಳಿದಾಗ ಬ್ಯಾಂಕಿನವರು ಮೊದಲು ನೋಡುವುದು ಇನ್ನೊಂದು ಅನುಪಾತವನ್ನು. ಅದರ ಹೆಸರು ಡೆಟ್ ಸರ್ವಿಸ್ ಕವರೇಜ್ ರೇಷಿಯೋ, ಚಿಕ್ಕದಾಗಿ ಡಿಎಸ್‌ಸಿಆರ್. ಕನ್ನಡದಲ್ಲಿ ‘ಸಾಲ ಮರುಪಾವತಿ ಸಾಮರ್ಥ್ಯದ ಅನುಪಾತ’ ಎನ್ನಬಹುದು. ನಮ್ಮ ಮನೆಯಲ್ಲಿ ‘ಕಿಸ್ತ್’ ಎನ್ನುವುದೂ ಕನ್ನಡದಲ್ಲಿ ‘ಕಂತು’ ಎನ್ನುವುದೂ ಒಂದೇ. ವರ್ಷಕ್ಕೆ ಕಟ್ಟಬೇಕಾದ ಕಂತುಗಳ ಮೊತ್ತಕ್ಕೆ ವ್ಯವಹಾರದಿಂದ ಬರುವ ಹಣ ಸಾಲುತ್ತದೆಯೇ ಎಂಬುದೇ ಈ ಅನುಪಾತದ ಪ್ರಶ್ನೆ.

ಸೂತ್ರ ಹೀಗಿದೆ:

ಡಿಎಸ್‌ಸಿಆರ್ = (ತೆರಿಗೆ ನಂತರದ ಲಾಭ + ಸವಕಳಿ + ಅವಧಿ ಸಾಲದ ಬಡ್ಡಿ) ÷ (ಆ ವರ್ಷದ ಅಸಲಿನ ಕಂತು + ಅವಧಿ ಸಾಲದ ಬಡ್ಡಿ)

ಲಾಭಕ್ಕೆ ಸವಕಳಿಯನ್ನು ಮತ್ತೆ ಯಾಕೆ ಕೂಡಿಸುತ್ತಾರೆ ಎಂದು ಹಲವರು ಕೇಳುತ್ತಾರೆ. ಸವಕಳಿ ಲಾಭ-ನಷ್ಟ ಖಾತೆಯಲ್ಲಿ ಖರ್ಚಾಗಿ ಬರೆದದ್ದು ನಿಜ, ಆದರೆ ಆ ಹಣ ಯಾರ ಕೈಗೂ ಹೋಗಿಲ್ಲ, ಗಲ್ಲಾದಲ್ಲೇ ಇದೆ. ಬಡ್ಡಿಯ ವಿಷಯ ಬೇರೆ. ಲಾಭ ತೆಗೆಯುವಾಗ ಅದನ್ನು ಒಮ್ಮೆ ಕಳೆದಾಗಿದೆ, ಕೆಳಗಿನ ಸಾಲಿನಲ್ಲಿಯೂ ಅದು ಇದೆ. ಒಂದೇ ಬಡ್ಡಿಯನ್ನು ಎರಡು ಸಲ ಎಣಿಸಬಾರದೆಂದು ಮೇಲೆ ಕೂಡಿಸುತ್ತಾರೆ. ಹೀಗಾಗಿ ಮೇಲಿನ ಸಾಲು ‘ಕಂತು ಕಟ್ಟಲು ಇರುವ ಹಣ’, ಕೆಳಗಿನ ಸಾಲು ‘ಕಟ್ಟಲೇಬೇಕಾದ ಹಣ’. ಉತ್ತರ 1 ಬಂದರೆ ಎರಡೂ ಸಮ, ಒಂದು ರೂಪಾಯಿಯೂ ಮಿಗುವುದಿಲ್ಲ. 1ಕ್ಕಿಂತ ಕಡಿಮೆಯಾದರೆ ಕಂತಿಗೆ ಬೇರೆ ಕಡೆಯಿಂದ ಹಣ ತರಬೇಕು.

ಈಗ ನಮ್ಮ ಕಡೆಯ ಒಂದು ಉದಾಹರಣೆ ಮಾಡಿ ನೋಡೋಣ. ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿ ಕಡೆ ಮಳೆ ನಂಬಿ ಶೇಂಗಾ ಬೆಳೆಯುವವರು ಬಹಳ. ಕೊಟ್ಟೂರಿನಲ್ಲಿ ಒಬ್ಬರು ಶೇಂಗಾ ಎಣ್ಣೆ ತೆಗೆಯುವ ಸಣ್ಣ ಘಟಕ ಹಾಕುತ್ತಾರೆ ಎಂದುಕೊಳ್ಳಿ. ಲೆಕ್ಕಕ್ಕಾಗಿ ಕಲ್ಪಿಸಿಕೊಂಡ ಅಂಕಿಗಳು ಇವು. ಶೆಡ್ಡು ಮತ್ತು ಯಂತ್ರಕ್ಕೆ 16 ಲಕ್ಷ ಬೇಕು. ಸ್ವಂತ ಹಣ 4 ಲಕ್ಷ, ಬ್ಯಾಂಕಿನಿಂದ ಅವಧಿ ಸಾಲ 12 ಲಕ್ಷ. ಬಡ್ಡಿ ಶೇಕಡಾ 10, ಅವಧಿ 5 ವರ್ಷ, ಪ್ರತಿ ವರ್ಷ 2.40 ಲಕ್ಷ ಅಸಲು ಕಟ್ಟಬೇಕು. ಲೆಕ್ಕ ಸುಲಭವಾಗಲಿ ಎಂದು ಬಡ್ಡಿಯನ್ನು ವರ್ಷದ ಆರಂಭದ ಬಾಕಿಯ ಮೇಲೆ ಹಿಡಿಯೋಣ.

ಮೊದಲ ವರ್ಷ ಕ್ವಿಂಟಲಿಗೆ 6,400 ರೂಪಾಯಿಯಂತೆ 500 ಕ್ವಿಂಟಲ್ ಶೇಂಗಾ ಕೊಂಡರೆ 32 ಲಕ್ಷ. ಎಣ್ಣೆ, ಹಿಂಡಿ ಮಾರಿ ಬರುವುದು 40 ಲಕ್ಷ. ಕೂಲಿ, ಕರೆಂಟು, ಪ್ಯಾಕಿಂಗ್, ಸಾಗಾಟ, ದುಡಿಯುವ ಬಂಡವಾಳದ ಸಾಲದ ಬಡ್ಡಿ ಎಲ್ಲ ಸೇರಿ 3.50 ಲಕ್ಷ. ಉಳಿದದ್ದು 4.50 ಲಕ್ಷ. ಅದರಲ್ಲಿ ಹತ್ತು ವರ್ಷದ ಆಯುಷ್ಯ ಹಿಡಿದು 1.60 ಲಕ್ಷ ಸವಕಳಿ, 1.20 ಲಕ್ಷ ಬಡ್ಡಿ ಕಳೆದರೆ ಲಾಭ 1.70 ಲಕ್ಷ. ಈ ಮಟ್ಟದಲ್ಲಿ ಆದಾಯ ತೆರಿಗೆ ಬರುವುದಿಲ್ಲ ಎಂದುಕೊಳ್ಳೋಣ.

ಕಂತಿಗೆ ಇರುವ ಹಣ: 1.70 + 1.60 + 1.20 = 4.50 ಲಕ್ಷ
ಕಟ್ಟಬೇಕಾದ ಹಣ: 2.40 + 1.20 = 3.60 ಲಕ್ಷ
ಡಿಎಸ್‌ಸಿಆರ್: 4.50 ÷ 3.60 = 1.25

ಪ್ರಾಜೆಕ್ಟ್ ರಿಪೋರ್ಟ್ ಒಂದೇ ವರ್ಷಕ್ಕೆ ನಿಲ್ಲುವುದಿಲ್ಲ. ಪ್ರತಿ ವರ್ಷ ಅಸಲು ಇಳಿಯುವುದರಿಂದ ಬಡ್ಡಿಯೂ ಇಳಿಯುತ್ತದೆ, ವ್ಯಾಪಾರ ಕುದುರಿದಂತೆ ಲಾಭ ಏರುತ್ತದೆ ಎಂದು ಬರೆಯುತ್ತಾರೆ. ನಮ್ಮ ಘಟಕದ ಲಾಭ ಐದನೇ ವರ್ಷಕ್ಕೆ 3 ಲಕ್ಷಕ್ಕೆ ಬರುತ್ತದೆ ಎಂದು ತೋರಿಸಿದರೆ ಅನುಪಾತಗಳು ಕ್ರಮವಾಗಿ 1.25, 1.42, 1.58, 1.69, 1.83 ಆಗುತ್ತವೆ. ಐದು ವರ್ಷದಲ್ಲಿ ಕಂತಿಗೆ ಸಿಗುವ ಒಟ್ಟು ಹಣ 23.90 ಲಕ್ಷ, ಕಟ್ಟಬೇಕಾದದ್ದು 15.60 ಲಕ್ಷ. ಭಾಗಿಸಿದರೆ ಸರಾಸರಿ 1.53. ಸರಾಸರಿ ಒಂದೂವರೆ ಆಸುಪಾಸು ಇದ್ದರೆ ಬ್ಯಾಂಕುಗಳು ಸಾಮಾನ್ಯವಾಗಿ ಚೆನ್ನಾಗಿದೆ ಎನ್ನುತ್ತವೆ. ಎಷ್ಟಿರಲೇಬೇಕು ಎಂಬ ಮಿತಿ ಬ್ಯಾಂಕಿನಿಂದ ಬ್ಯಾಂಕಿಗೆ, ಉದ್ಯಮದಿಂದ ಉದ್ಯಮಕ್ಕೆ ಬದಲಾಗುತ್ತದೆ.

ಹಾಗಾದರೆ ಸಾಲ ಮಂಜೂರಾಯಿತೇ? ಇಲ್ಲ. ಅನುಭವವಿರುವ ಅಧಿಕಾರಿ ಸರಾಸರಿಯನ್ನು ಬಿಟ್ಟು ಅತಿ ಕಡಿಮೆ ಇರುವ ವರ್ಷದ ಮೇಲೆ ಬೆರಳಿಡುತ್ತಾರೆ. ಐದನೇ ವರ್ಷದ 1.83ರಿಂದ ಮೊದಲ ವರ್ಷದ ಕಂತು ಕಟ್ಟಲು ಆಗುವುದಿಲ್ಲವಲ್ಲ! ಅದಕ್ಕೇ ಎರಡನ್ನೂ ಬೇರೆ ಬೇರೆಯಾಗಿ ನೋಡುತ್ತಾರೆ. ಕೋವಿಡ್ ಕಾಲದಲ್ಲಿ ಸಂಕಷ್ಟಕ್ಕೆ ಸಿಕ್ಕ ಸಾಲಗಳ ಪುನರ್‌ರಚನೆಗಾಗಿ ರಿಸರ್ವ್ ಬ್ಯಾಂಕ್ 2020ರಲ್ಲಿ ಮಂಗಳೂರು ಮೂಲದ ಬ್ಯಾಂಕರ್ ಕೆ. ವಿ. ಕಾಮತ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿತು. ಸಮಿತಿ 26 ಕ್ಷೇತ್ರಗಳಿಗೆ ಐದು ಅನುಪಾತಗಳನ್ನು ಸೂಚಿಸಿತು. ಆ ಐದರಲ್ಲಿ ಎರಡು ಇವೇ, ವರ್ಷದ ಡಿಎಸ್‌ಸಿಆರ್ ಮತ್ತು ಸರಾಸರಿ ಡಿಎಸ್‌ಸಿಆರ್. ಪ್ರತ್ಯೇಕ ಮಿತಿ ಹೇಳದ ಕ್ಷೇತ್ರಗಳಲ್ಲಿಯೂ ಮೊದಲನೆಯದು 1ಕ್ಕಿಂತ, ಎರಡನೆಯದು 1.2ಕ್ಕಿಂತ ಕೆಳಗಿರಬಾರದು ಎಂದು ಆ ವರ್ಷದ ಸೆಪ್ಟೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಸುತ್ತೋಲೆ ಹೊರಡಿಸಿತು. ಅದು ದೊಡ್ಡ ಸಂಕಷ್ಟಕ್ಕೆ ಮಾಡಿದ ನಿಯಮ, ಕೊಟ್ಟೂರಿನ ಎಣ್ಣೆ ಘಟಕಕ್ಕೆ ಮಾಡಿದ್ದಲ್ಲ. ಆದರೂ ಬ್ಯಾಂಕಿನ ಯೋಚನೆ ಯಾವ ದಾರಿಯಲ್ಲಿ ಹೋಗುತ್ತದೆ ಎಂಬುದು ಅದರಿಂದ ತಿಳಿಯುತ್ತದೆ.

ಇನ್ನು ಮೊದಲ ವರ್ಷದ 1.25ನ್ನು ಒಡೆದು ನೋಡೋಣ. ಕಟ್ಟಬೇಕಾದ ಹಣಕ್ಕಿಂತ ನೂರಕ್ಕೆ 25 ಹೆಚ್ಚಿದೆ ಎಂದರೆ ಬಹಳ ಭದ್ರ ಎನಿಸುತ್ತದೆ. ರೂಪಾಯಿಯಲ್ಲಿ ಅದು 90 ಸಾವಿರ. ಆ 90 ಸಾವಿರವನ್ನು 500 ಕ್ವಿಂಟಲಿಗೆ ಹಂಚಿದರೆ ಕ್ವಿಂಟಲಿಗೆ 180 ರೂಪಾಯಿ. ಅಂದರೆ ಎಣ್ಣೆಯ ದರ ಹಾಗೇ ಇದ್ದು, ಎಪಿಎಂಸಿಯಲ್ಲಿ ಶೇಂಗಾ ದರ 6,400ರಿಂದ 6,580ಕ್ಕೆ ಏರಿದರೆ ಸಾಕು, 1.25 ಇದ್ದದ್ದು 1ಕ್ಕೆ ಇಳಿಯುತ್ತದೆ. ಮಳೆ ಕೈಕೊಟ್ಟ ವರ್ಷ ಇಷ್ಟು ಏರುವುದು ದೊಡ್ಡ ಮಾತಲ್ಲ. ಕಚ್ಚಾ ಮಾಲಿಗೇ ಹೆಚ್ಚು ಹಣ ಹೋಗುವ ವ್ಯವಹಾರದಲ್ಲಿ ಅನುಪಾತ ಹೀಗೆ ಬೇಗ ಕುಸಿಯುತ್ತದೆ. ಅದೇ 1.25 ಬಾಡಿಗೆ ಬರುವ ಮಳಿಗೆಗೆ ಸಿಕ್ಕಿದ್ದರೆ ಅಷ್ಟು ಬೇಗ ಅಲ್ಲಾಡುತ್ತಿರಲಿಲ್ಲ. ಆದ್ದರಿಂದ ಬ್ಯಾಂಕಿನವರು ‘ಮಾಲಿನ ದರ ಏರಿದರೆ? ಮಾರಾಟ ಇಳಿದರೆ?’ ಎಂದು ಅಂಕಿ ಬದಲಿಸಿ ಮತ್ತೆ ಲೆಕ್ಕ ಹಾಕುತ್ತಾರೆ.

ಇದಕ್ಕಿಂತ ದೊಡ್ಡ ವಿಷಯ ಸೂತ್ರದಲ್ಲಿ ಕಾಣುವುದೇ ಇಲ್ಲ. ಘಟಕ ಒಬ್ಬರ ಹೆಸರಿನಲ್ಲಿದ್ದರೆ ಮಾಲೀಕರಿಗೆ ಸಂಬಳ ಎಂಬ ಖರ್ಚು ಇರುವುದಿಲ್ಲ. ಅವರು ಮನೆಗೆ ತರುವ ಹಣ ನಾವು ಬಂಡವಾಳ ಖಾತೆಯಲ್ಲಿ ಬರೆಯುವ ‘ಹಿಂತೆಗೆತ’, ಅಂದರೆ ಡ್ರಾಯಿಂಗ್ಸ್. ಲಾಭ-ನಷ್ಟ ಖಾತೆಗೆ ಅದು ಬರುವುದೇ ಇಲ್ಲ. ಆದರೆ ಅಕ್ಕಿ, ಬೇಳೆ, ಶಾಲೆ ಫೀಸು, ಔಷಧಿ ಎಲ್ಲವೂ ಅದೇ ಗಲ್ಲಾದಿಂದಲೇ ಹೋಗಬೇಕು. ತಿಂಗಳಿಗೆ ಬರೀ 8 ಸಾವಿರ ಎಂದರೂ ವರ್ಷಕ್ಕೆ 96 ಸಾವಿರ. 4.50ರಲ್ಲಿ 0.96 ಕಳೆದರೆ 3.54 ಲಕ್ಷ. ಅದನ್ನು 3.60ರಿಂದ ಭಾಗಿಸಿದರೆ 0.98! ಐದೂ ವರ್ಷ ಇಷ್ಟೇ ಕಳೆದರೂ ಸರಾಸರಿ 1.22 ಎಂದೇ ಕಾಣುತ್ತದೆ. ಸರಾಸರಿ ಮಾತ್ರ ನೋಡಿದವರಿಗೆ ಮೊದಲ ವರ್ಷವೇ ಕಂತು ತಪ್ಪುತ್ತದೆ ಎಂಬುದು ಗೊತ್ತೇ ಆಗುವುದಿಲ್ಲ. ಅರ್ಜಿದಾರರಿಗೆ ಬೇರೆ ಆದಾಯವಿದೆಯೇ, ಮನೆಯಲ್ಲಿ ಎಷ್ಟು ಜನ, ಬೇರೆ ಸಾಲದ ಕಂತು ಇದೆಯೇ ಎಂದು ಬ್ಯಾಂಕಿನವರು ಕೇಳುವುದು ಇದಕ್ಕೇ.

ಹೀಗೆ ಕೊರತೆ ಕಂಡಾಗ ಕೆಲವರು ರಿಪೋರ್ಟಿನಲ್ಲಿ ಮಾರಾಟವನ್ನು ಹೆಚ್ಚು ಬರೆಸಿ ಅನುಪಾತ ಏರಿಸುತ್ತಾರೆ. ಅದನ್ನು ಕಂಡುಹಿಡಿಯುವುದು ಕಷ್ಟವಲ್ಲ. 500 ಕ್ವಿಂಟಲನ್ನು 250 ದಿನ ಆಡಿಸಿದರೆ ದಿನಕ್ಕೆ 2 ಕ್ವಿಂಟಲ್. ಯಂತ್ರದ ಕೊಟೇಶನ್‌ನಲ್ಲಿ ಬರೆದ ಸಾಮರ್ಥ್ಯಕ್ಕೆ, ಬರೆದಿರುವ ಕರೆಂಟು ಖರ್ಚಿಗೆ, ಕೂಲಿಯಾಳುಗಳ ಸಂಖ್ಯೆಗೆ ಇದು ಹೊಂದುತ್ತದೆಯೇ ಎಂದು ನೋಡಿದರೆ ಸಾಕು. ಮಾರಾಟ ಎರಡು ಪಟ್ಟಾಗಿ ಕರೆಂಟು ಬಿಲ್ಲು ಮಾತ್ರ ಇದ್ದಲ್ಲೇ ಇದ್ದರೆ ಅಂಕಿ ಕಟ್ಟಿದ್ದು ಎಂದು ಅರ್ಥ. ಹಳೆಯ ಅಂಗಡಿಯಾದರೆ ಜಿಎಸ್‌ಟಿ ರಿಟರ್ನ್ ಮತ್ತು ಬ್ಯಾಂಕ್ ಖಾತೆಯ ಜಮಾ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುತ್ತಾರೆ.

ಅಂಕಿ ಏರಿಸದೆ ಕೊರತೆ ಸರಿಮಾಡುವ ದಾರಿಗಳೂ ಇವೆ. ಒಂದು, ಅವಧಿಯನ್ನು 7 ವರ್ಷಕ್ಕೆ ಬೆಳೆಸುವುದು. ಆಗ ವರ್ಷದ ಅಸಲು 1.71 ಲಕ್ಷಕ್ಕೆ ಇಳಿದು, ಮನೆ ಖರ್ಚು ಕಳೆದ ಮೇಲೂ ಮೊದಲ ವರ್ಷದ ಅನುಪಾತ 1.21 ಆಗುತ್ತದೆ. ಆದರೆ ಒಟ್ಟು ಬಡ್ಡಿ 3.60 ಲಕ್ಷದ ಬದಲು 4.80 ಲಕ್ಷವಾಗುತ್ತದೆ. ಇನ್ನೊಂದು, ಸಾಲವನ್ನು 9 ಲಕ್ಷಕ್ಕೆ ಇಳಿಸಿ ಸ್ವಂತ ಹಣ 7 ಲಕ್ಷ ಹಾಕುವುದು. ಆಗ ಕಟ್ಟಬೇಕಾದದ್ದು 2.70 ಲಕ್ಷ, ಅನುಪಾತ 1.31. ಅಷ್ಟು ಹಣ ಇಲ್ಲದಿದ್ದರೆ ಚಿಕ್ಕ ಯಂತ್ರದಿಂದ ಶುರುಮಾಡಬಹುದು, ಆದರೆ ಆಗ ಮಾರಾಟದ ಅಂಕಿಯನ್ನೂ ಇಳಿಸಿ ಮತ್ತೆ ಮೊದಲಿನಿಂದ ಲೆಕ್ಕ ಹಾಕಬೇಕು.

ಈ ಅನುಪಾತಕ್ಕೆ ಒಂದು ಮಿತಿಯೂ ಇದೆ. ಇದು ವರ್ಷದ ಲೆಕ್ಕ, ಕಂತು ಬರುವುದು ತಿಂಗಳಿಗೆ. ಮುಂಗಾರಿನ ಶೇಂಗಾ ಒಕ್ಕಣೆಯಾಗಿ ಮಾರುಕಟ್ಟೆಗೆ ಬರುವುದು ಅಕ್ಟೋಬರ್, ನವೆಂಬರ್ ಹೊತ್ತಿಗೆ. ಅದಕ್ಕೆ ಮುಂಚಿನ ತಿಂಗಳುಗಳಲ್ಲಿ ಮಾಲು ಕಡಿಮೆ, ದರ ಹೆಚ್ಚು, ಯಂತ್ರ ನಿಂತಿರುತ್ತದೆ. ವರ್ಷಕ್ಕೆ 1.25 ಇದ್ದರೂ ಆಗಸ್ಟ್ ಕಂತಿಗೆ ಹಣ ಇಲ್ಲದಿರಬಹುದು. ಅವಧಿ ಸಾಲದ ಕಂತು 90 ದಿನಕ್ಕಿಂತ ಹೆಚ್ಚು ಬಾಕಿ ಉಳಿದರೆ ಖಾತೆ ಎನ್‌ಪಿಎ ಆಗುತ್ತದೆ, ಮುಂದೆ ಸಾಲ ಸಿಗುವುದು ಕಷ್ಟವಾಗುತ್ತದೆ, ಅಡವಿಟ್ಟ ಆಸ್ತಿಗೂ ಕುತ್ತು ಬರುತ್ತದೆ. ಯಂತ್ರ ಕೂಡಿಸಿ ಉತ್ಪಾದನೆ ಶುರುವಾಗುವವರೆಗೆ ಅಸಲಿಗೆ ಬಿಡುವು ಕೇಳುವುದು, ಮೊದಲ ಕಂತು ಸುಗ್ಗಿಯ ನಂತರ ಬರುವಂತೆ ನೋಡಿಕೊಳ್ಳುವುದು ಇವೆಲ್ಲ ಸಹಿ ಹಾಕುವ ಮೊದಲೇ ಆಗಬೇಕಾದ ಮಾತು.

ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಪ್ರಾಜೆಕ್ಟ್ ರಿಪೋರ್ಟನ್ನು ಹೊರಗಿನವರು ಬರೆದುಕೊಡುತ್ತಾರೆ, ಅಪ್ಪನೋ ಅಣ್ಣನೋ ಸಹಿ ಹಾಕುತ್ತಾರೆ. ಅದರ ಕೊನೆಯ ಪುಟಗಳಲ್ಲಿ ‘ಡಿಎಸ್‌ಸಿಆರ್’ ಎಂಬ ಪಟ್ಟಿ ಇರುತ್ತದೆ. ಕಾಮರ್ಸ್ ಓದುವ ನಾವು ಅದನ್ನು ತೆರೆದು ಮೂರು ವಿಷಯ ನೋಡಬಹುದು: ಅತಿ ಕಡಿಮೆ ಇರುವ ವರ್ಷ ಯಾವುದು, ಅದರಲ್ಲಿ ಮನೆ ಖರ್ಚು ಕಳೆದಿದ್ದಾರೆಯೇ, ಉಳಿಯುವ ಹಣವನ್ನು ಕ್ವಿಂಟಲಿಗೋ ಲೀಟರಿಗೋ ಹಂಚಿದರೆ ಎಷ್ಟು ರೂಪಾಯಿ ಬರುತ್ತದೆ. ಭಾಗಾಕಾರ ಬಂದರೆ ಸಾಕು, ಹತ್ತು ನಿಮಿಷದ ಕೆಲಸ.